ಶಿರಾಲಿಗೆ ಒಂದು ಸಾಲು ಮೇಲೆ

ನಡೆದದ್ದರಲ್ಲಿ ಬಸ್ಸಿನವರ ತಪ್ಪಿಲ್ಲ, ಅಣ್ಣನ ಕಿವಿಯ ತಪ್ಪೂ ಇಲ್ಲ. ತಪ್ಪು ನನ್ನದು. ಕೇಳಿ ತಿಳಿದುಕೊಳ್ಳಬೇಕಾದ್ದನ್ನು ನಾನೇ ಓದಿದೆ, ಒಂದು ಸಾಲು ಮೇಲೆ ಓದಿದೆ. ಆ ಕಾರಣಕ್ಕೆ ಅಣ್ಣ ನನ್ನ ಮನೆಯ ಬಾಗಿಲವರೆಗೆ ಬಂದ ಹಾಗೆ ಬಂದು ತಿರುಗಿ ಹೋದ. ಇವತ್ತಿನವರೆಗೂ ಬಂದಿಲ್ಲ. ನಮ್ಮ ಮನೆಯವರು ಅದನ್ನು ಹಣೆಬರಹ ಅನ್ನುತ್ತಾರೆ. ಹಣೆಬರಹ ಅಲ್ಲ, ಬಸ್ ಚಾರ್ಜು.

ನನ್ನ ಮನೆ ಶಿರಾಲಿಯಲ್ಲಿ, ಭಟ್ಕಳಕ್ಕೆ ಸ್ವಲ್ಪ ಈಚೆ. ಅಣ್ಣನ ಮನೆ ಕುಮಟೆಯಿಂದ ಒಳಗೆ, ಯಾಣಕ್ಕೆ ಹೋಗುವ ದಾರಿಯಲ್ಲಿ. ಮಗ, ಸೊಸೆ, ಎರಡು ಎಮ್ಮೆ ಜೊತೆಗಿವೆ, ಅನಾಥನೇನಲ್ಲ. ಅತ್ತಿಗೆ ಇದ್ದಾಗ ಪ್ರತಿ ವರ್ಷ ಮಳೆ ನಿಂತ ಮೇಲೆ ಇಬ್ಬರೂ ಬಂದು ನಾಲ್ಕು ದಿನ ಇರುತ್ತಿದ್ದರು. ಅಣ್ಣ ಬಂದವನೇ ಅಂಗಿ ಕಳಚಿ ಹಿತ್ತಲ ಕಡೆಯ ಬೆಂಚಿನ ಮೇಲೆ ಒರಗುತ್ತಿದ್ದ. ಬಂಗಡೆ ಸಾರು ಉಂಡು ಅಲ್ಲೇ ಗೊರಕೆ. ಆ ಗೊರಕೆಗೆ ನಮ್ಮ ಬಾವಿಯ ರಾಟೆಯೂ ಸೋಲಬೇಕು. ಆಗೆಲ್ಲ ಬೈದುಕೊಂಡು ಒಳಗೆ ಹೋಗಿ ಮಲಗುತ್ತಿದ್ದೆ. ಈಗ ಊಟ ಮುಗಿಸಿ ಹಿತ್ತಲಿಗೆ ಹೋದರೆ ಮೊದಲು ಕಣ್ಣು ಹೋಗುವುದು ಆ ಬೆಂಚಿಗೆ. ಅದರ ಮೇಲೆ ಮೊಮ್ಮಕ್ಕಳು ಒಣಗಲು ಹಾಕಿದ ಚಪ್ಪಲಿ ಇರುತ್ತವೆ.

ನನ್ನನ್ನು ಸಾಕಿದವನೇ ಅವನು. ಅಪ್ಪ ಹೋದಾಗ ನನಗೆ ಐದು, ಅವನಿಗೆ ಹದಿನಾಲ್ಕು. ನಾನು ಮೂರನೇ ಇಯತ್ತೆಯವರೆಗೆ ಶಾಲೆಗೆ ಹೋದದ್ದೂ ಅವನು ಹಳ್ಳ ದಾಟಿಸಿದ್ದಕ್ಕೆ. ಎರಡಂಕಿಯ ಕೂಡುವುದು ಕಳೆಯುವುದು ಕಲಿಸಿದವನೂ ಅವನೇ, ಶಾಲೆಯಲ್ಲ.

ಅತ್ತಿಗೆ ತೀರಿಕೊಂಡ ಹೊತ್ತಿಗೇ ಅವನ ಕಿವಿಯೂ ಹೋಗಿತ್ತು. ಅತ್ತಿಗೆ ಇರುವವರೆಗೆ ಅದು ಯಾರಿಗೂ ಗೊತ್ತಾಗಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಕೇಳಿದರೆ ಅವಳೇ ಹೇಳುತ್ತಿದ್ದಳು. ಅವಳು ಹೋದ ಮೇಲೆ ಒಮ್ಮೆ ಒಬ್ಬನೇ ಕುಮಟೆಗೆ ಹೊರಟ. ಕಂಡಕ್ಟರ್ "ಚಿಲ್ಲರೆ ಇದ್ಯಾ?" ಅಂತ ಕೇಳಿದ್ದಕ್ಕೆ ಇವನು ದೊಡ್ಡ ದನಿಯಲ್ಲಿ "ಎಪ್ಪತ್ತೆಂಟು" ಅಂತ ವಯಸ್ಸು ಹೇಳಿದನಂತೆ. ಇಡೀ ಬಸ್ಸು ನಕ್ಕಿತಂತೆ. ಕಿವಿ ಕೇಳದವನಿಗೆ ನಗು ಮಾತ್ರ ಕಾಣುತ್ತದಲ್ಲ. ಅವತ್ತಿನಿಂದ ಬಸ್ಸು ಬಿಟ್ಟ. ಜನರ ನಡುವೆ ಬಾಯಿ ತೆರೆಯುವುದನ್ನೂ ಬಿಟ್ಟ. ಕಿವಿಗೆ ಹಾಕುವ ಮಷೀನು ತಂದುಕೊಟ್ಟರೆ, ಕಪ್ಪೆ ಕೂಗಿದ ಹಾಗಾಗುತ್ತದೆ ಅಂತ ಗೂಡಿನಲ್ಲಿ ಇಟ್ಟ.

ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ನಾನು ಅವನಲ್ಲಿಗೆ ಹೋಗಿಬರುವುದು ಹೆಚ್ಚಾಯಿತು. ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ಚೀಟಿ ಹರಿದು ಕೊಡುತ್ತಾರೆ, ಅಷ್ಟೇ. ಆದರೆ ನಾನು ಹೋಗುವುದು ಬೇರೆ, ಅವನು ಬರುವುದು ಬೇರೆ. ಅವನ ಮನೆಯಲ್ಲಿ ನಾನು ಉಂಡರೆ ಅದು ಅವನ ಸೊಸೆಯ ಅಡಿಗೆ. ನನ್ನ ಕೈಯ ಅನ್ನ ಅವನು ಉಂಡು ಆರು ವರ್ಷವಾಗಿತ್ತು.

ಈ ಸಲ ಹೋದಾಗ ಕೈಸನ್ನೆ ಮಾಡಿ, ಕಿವಿಯ ಹತ್ತಿರ ಕೂಗಿ ಕೇಳಿದೆ. "ನನ್ ಸಂಗ್ತಿಗೇ ಬಾ, ಕರ್ಕಂಡು ಹೋತೆ."

"ನೀನು ಕರ್ಕಂಡು ಹೋದ್ರೆ ನಾ ಬಂದಂಗೆ ಆತಾ? ನಾನೆಂತ ಗೋಣಿಚೀಲವಾ, ಹೊತ್ಕಂಡು ಹೋಗಿ ಇಳ್ಸೂಕೆ?"

"ನಿನ್ ಮಗನ ಬೈಕಿಗೆ ಬಾ ಹಂಗಾದ್ರೆ."

"ಅದೂ ಅದೇ."

"ಚೀಟಿ ಮೇಲೆ ಶಿರಾಲಿ ಅಂತ ಬರೆದು ಕೊಡ್ತೆ. ಕಂಡಕ್ಟರಿಗೆ ತೋರ್ಸು."

"ಜಾತ್ರೆಲಿ ಕಳ್ದ ಮಕ್ಕಳ ಕೊರಳಿಗೆ ಕಟ್ಟಿದ ಹಂಗಾ?" ಅಂದ.

ಆಗ ನನಗೆ ಹೊಳೆಯಿತು. ನಮ್ಮ ಕಡೆ ಸಾದಾ ಬಸ್ಸಿನಲ್ಲಿ ದಿನಾ ಓಡಾಡುವವರು ಊರಿನ ಹೆಸರು ಹೇಳುವುದೇ ಇಲ್ಲ. ಸರಿಯಾದ ದುಡ್ಡನ್ನು ಮುಂದೆ ಹಿಡಿಯುತ್ತಾರೆ. ಹತ್ತಿದ್ದು ಎಲ್ಲಿ ಅಂತ ಕಂಡಕ್ಟರಿಗೆ ಗೊತ್ತು, ದುಡ್ಡು ಎಷ್ಟು ಅಂತ ಕಾಣುತ್ತದೆ, ಇಳಿಯುವುದು ಎಲ್ಲಿ ಅಂತ ತಾನೇ ತಿಳಿದುಕೊಂಡು ಟಿಕೆಟ್ ಕೊಡುತ್ತಾನೆ. ಮಾತೇ ಬೇಡ. ಒಂದೊಂದು ಬಸ್ಸಿಗೆ ಒಂದೊಂದು ಪೊಟ್ಟಣ, ಸರಿಯಾದ ಚಿಲ್ಲರೆ ಕಟ್ಟಿಕೊಟ್ಟರೆ ಸಾಕು.

ಅಣ್ಣನಿಗೆ ಅದು ಸರಿ ಅನ್ನಿಸಿತು. "ಹಂಗಾದ್ರೆ ಬತ್ತೆ" ಅಂದ. ಆ ಮಾತು ಅವನ ಬಾಯಿಂದ ಬಂದಾಗ ನನಗೆ ಏನಾಯಿತು ಅಂತ ಬರೆಯಲು ಹೋಗುವುದಿಲ್ಲ. ಕುಮಟೆಯವರೆಗೂ ಬಸ್ಸಿನಲ್ಲಿ ನಿಂತೇ ಬಂದೆ. ಕೂರಲು ಜಾಗ ಇತ್ತು ಅಂತ ಆಮೇಲೆ ನೋಡಿದೆ.

ಚಾರ್ಜು ಎಷ್ಟು ಅಂತ ನನಗೆ ಹೇಗೆ ಗೊತ್ತಾಗಬೇಕು? ಎರಡು ವರ್ಷದಿಂದ ನನ್ನದು ಸೊನ್ನೆ ಚೀಟಿ. ನಮ್ಮ ಪಕ್ಕದ ಮನೆಯ ಹುಡುಗಿ ಬಸ್ಸಿನಲ್ಲಿ ಕಂಡಕ್ಟರ್. ಗಟ್ಟಿ ಹೆಂಗಸು, ಗಂಡನೂ ಅವಳಿಗೆ ಹೆದರುತ್ತಾನೆ. ಬೇಲಿಯ ಈಚೆಯಿಂದ ಅವಳನ್ನು ಕೇಳಿದೆ.

"ಎಲ್ಲ ಸ್ಟೇಜಿಂದು ಬಾಯಲ್ಲಿ ಬರೂದಿಲ್ಲ ಅಜ್ಜಿ. ಈಗೆಲ್ಲ ಮಷೀನಲ್ಲಿ ಒತ್ತೂದು" ಅಂದಳು. "ಸ್ಟ್ಯಾಂಡಲ್ಲಿ ಸ್ಟೇಜ್ ಪಟ್ಟಿ ಉಂಟು. ಫೋಟೋ ಹೊಡ್ದು ಕಳಿಸ್ತೆ, ನಿಮ್ಮ ಮೊಮ್ಮಗಳ ಫೋನಿಗೆ. ಆದ್ರೆ ಒಂದು ನೆನಪಿಡಿ. ಕುಮಟೆಯಿಂದ ಶಿರಾಲಿಗೆ ಒಂದೇ ಸಲ ನೋಡೂದಲ್ಲ. ಸೀದಾ ಬರೂದು ಹೆಚ್ಚು ವೇಗದೂತ, ಅದರ ಪಟ್ಟಿಯೇ ಬೇರೆ. ಸಾದಾ ಬಸ್ಸಿಗೆ ಬರೂದಾದ್ರೆ ಹೊನ್ನಾವರದಲ್ಲಿ ಬದಲಾಯ್ಸಬೇಕು. ಬಸ್ಸು ಬದ್ಲಾದ್ರೆ ಟಿಕೆಟೂ ಬದ್ಲು. ಎರಡು ಸಲ ನೋಡಿ ಕೂಡ್ಸಬೇಕು."

"ಅಷ್ಟು ನನಗೆ ತಿಳೀತದೆ ಮಗಾ."

"ಅಜ್ಜನಿಗೆ ಅರವತ್ತು ದಾಟಿದೆಯಲ್ಲ, ಕಾರ್ಡು ತೋರ್ಸಿದ್ರೆ ಕಾಲು ಭಾಗ ಕಡಿಮೆ."

"ಅದು ಆಗೂದಿಲ್ಲ. ಮುದುಕ ಅಂತ ಕಾರ್ಡು ತೋರ್ಸಬೇಕಾ, ಮುಖ ಕಾಣೂದಿಲ್ವಾ ಅಂತಾನೆ. ಪೂರಾ ಚಾರ್ಜೇ ಕಟ್ತೆ."

ಅವಳು ನಕ್ಕು ಡ್ಯೂಟಿಗೆ ಹೋದಳು. ಮಧ್ಯಾಹ್ನ ಎರಡು ಫೋಟೋ ಬಂದವು. ಒಂದು ಯಾಣದ ಕಡೆಯದು, ಒಂದು ಕುಮಟೆಯಿಂದ ಭಟ್ಕಳದವರೆಗಿನದು. ಮೊಮ್ಮಗಳು ಫೋನನ್ನು ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋದಳು.

ಸ್ಟೇಜ್ ಪಟ್ಟಿ ನೋಡದವರಿಗೆ ಹೇಳುತ್ತೇನೆ. ಅದು ಮೆಟ್ಟಿಲಿನ ಹಾಗೆ ಇರುತ್ತದೆ. ಮೇಲಿನ ಮೆಟ್ಟಿಲಲ್ಲಿ ಕುಮಟೆ. ಕೆಳಗಿಳಿಯುತ್ತ ಧಾರೇಶ್ವರ, ಹಳದೀಪುರ, ಕರ್ಕಿ, ಹೊನ್ನಾವರ, ಕಾಸರಕೋಡ, ಮಂಕಿ, ಬೈಲೂರು, ಹೀಗೆ ಭಟ್ಕಳದವರೆಗೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಊರು, ಅದೇ ಸ್ಟೇಜು. ಮೆಟ್ಟಿಲಿನ ಎಡಕ್ಕೆ ಚೆನ್ನೆಮಣೆಯ ಹಾಗೆ ಮನೆಗಳು, ಮನೆಗಳಲ್ಲಿ ಅಂಕಿ. ಇಳಿಯುವ ಊರಿನಿಂದ ಎಡಕ್ಕೆ ಅಡ್ಡ ಹೋಗಬೇಕು, ಹತ್ತುವ ಊರಿನಿಂದ ಕೆಳಕ್ಕೆ ನೇರ ಇಳಿಯಬೇಕು. ಎರಡು ದಾರಿ ಕೂಡುವ ಮನೆಯಲ್ಲಿ ಇರುವುದೇ ಚಾರ್ಜು.

ಮೊದಲು ಅಣ್ಣನ ಊರಿನದು. ಅವನು ಹತ್ತುವ ಸ್ಟಾಪಿನ ಹೆಸರು ಪಟ್ಟಿಯಲ್ಲೇ ಇಲ್ಲ. ಅದು ಎರಡು ಸ್ಟೇಜಿನ ನಡುವೆ ಬರುತ್ತದೆ. ನಡುವೆ ಹತ್ತಿದರೆ ಹಿಂದಿನ ಸ್ಟೇಜಿನಿಂದಲೇ ಕೊಡಬೇಕು. ಅದು ನನಗೆ ಗೊತ್ತು, ಅತ್ತಿಗೆ ಅದಕ್ಕಾಗಿ ಜಗಳವಾಡಿದ್ದನ್ನು ನೋಡಿದ್ದೇನೆ. ಹಿಂದಿನ ಸ್ಟೇಜಿನಿಂದ ಕುಮಟೆಗೆ ಇಪ್ಪತ್ತೆರಡು. ಸರಿ.

ಕುಮಟೆಯಿಂದ ಹೊನ್ನಾವರಕ್ಕೆ ಇಪ್ಪತ್ತೇಳು. ಅದೂ ಸರಿ.

ಹೊನ್ನಾವರದಿಂದ ಶಿರಾಲಿಯದಕ್ಕೆ ಬಂದಾಗ ಅಂಕಿಗಳು ತೀರ ಸಣ್ಣ. ಎರಡು ಬೆರಳಲ್ಲಿ ಅಗಲ ಮಾಡಿದರೆ ಊರಿನ ಹೆಸರು ಪರದೆಯಿಂದ ಆಚೆ ಹೋಗುತ್ತದೆ. ಚಿಕ್ಕದು ಮಾಡಿದರೆ ಸಾಲು ತಪ್ಪುತ್ತದೆ. ನಾನು ನಲವತ್ತು ವರ್ಷ ಮಲ್ಲಿಗೆ ಕಟ್ಟಿ ಮಾರಿದವಳು, ದಾರ ಸದಾ ಸೊಂಟದಲ್ಲಿರುತ್ತದೆ. ಒಂದು ಗೇಣು ದಾರ ತೆಗೆದು ಫೋನಿನ ಮೇಲೆ ಎಳೆದು ಹಿಡಿದೆ. ಬಲಗಡೆ ಶಿರಾಲಿಯ ಹೆಸರಿನ ಕೆಳಗೆ ಇಟ್ಟು, ಫೋನಿನ ಅಂಚಿಗೆ ಸರಿಯಾಗಿ ಎಡಕ್ಕೆ ನೆಟ್ಟಗೆ ತಂದೆ. ಹೊನ್ನಾವರದಿಂದ ಬೆರಳಲ್ಲಿ ಕೆಳಗಿಳಿದೆ. ದಾರಕ್ಕೆ ತಾಗಿದ ಮನೆಯಲ್ಲಿ ಮೂವತ್ತೈದು.

ದಾರ ನೆಟ್ಟಗಿತ್ತು. ಸೊಟ್ಟಗಿದ್ದದ್ದು ಫೋಟೋ. ಗೋಡೆಯ ಪಟ್ಟಿಯನ್ನು ಅವಳು ಪಕ್ಕದಿಂದ, ಜನರ ತಲೆಯ ಮೇಲೆ ಕೈ ಎತ್ತಿ ಹೊಡೆದಿದ್ದಳು. ಸಾಲುಗಳು ಎಡಕ್ಕೆ ಹೋದಹಾಗೆ ಕೆಳಗೆ ಜಾರಿದ್ದವು. ಕುಮಟೆ ಹೊನ್ನಾವರದ ಅಂಕಿಗಳು ದೊಡ್ಡದಾಗಿ ಕಂಡಿದ್ದವು, ಬೆರಳಿಟ್ಟೇ ಓದಿದ್ದೆ, ಹಾಗಾಗಿ ತಪ್ಪಲಿಲ್ಲ. ಶಿರಾಲಿಯ ಸಾಲಿನಲ್ಲಿ ನನ್ನ ದಾರ ಹೊನ್ನಾವರ ಮುಟ್ಟುವ ಹೊತ್ತಿಗೆ ಒಂದು ಸಾಲು ಮೇಲೆ ಹತ್ತಿ ಕೂತಿತ್ತು. ಅದು ಶಿರಾಲಿಯ ಹಿಂದಿನ ಸ್ಟೇಜಿನ ಸಾಲು. ಶಿರಾಲಿಗೆ ಮೂವತ್ತೊಂಬತ್ತು.

ಅಂದು ಇದೆಲ್ಲ ನನಗೆ ಗೊತ್ತಾಗಲಿಲ್ಲ. ಸಂಜೆ ಪಕ್ಕದವಳು ಬೇಲಿಯಾಚೆಯಿಂದ ಕೇಳಿದಳು. "ಸಿಕ್ತಾ ಅಜ್ಜಿ? ನಾ ಒಂದು ಸಲ ನೋಡ್ಲಾ?"

"ಸಿಕ್ತು, ಆತು" ಅಂದೆ. "ಇಪ್ಪತ್ತೆರಡು, ಇಪ್ಪತ್ತೇಳು, ಆಮೇಲೆ ಶಿರಾಲಿಯದು. ಎಲ್ಲ ನೋಡಿದೆ."

ಮೂರನೆಯ ಅಂಕಿಯನ್ನೂ ಹೇಳಿದ್ದರೆ ಅವಳು ಅಲ್ಲೇ ಹಿಡಿಯುತ್ತಿದ್ದಳು. ದಿನಾ ಓಡುವ ರೂಟು ಅವಳದು. ಹೇಳಲಿಲ್ಲ. ಓದಿದವರ ಮುಂದೆ ನನಗೆ ಯಾವಾಗಲೂ ಹೀಗೇ, ಕೇಳುವ ಮೊದಲೇ ಗೊತ್ತು ಅಂದುಬಿಡುತ್ತೇನೆ.

ಆರು ಪೊಟ್ಟಣ ಕಟ್ಟಿದೆ, ಬರುವುದಕ್ಕೆ ಮೂರು, ಹೋಗುವುದಕ್ಕೆ ಮೂರು. ಹೋಗುವಾಗಲೂ ಅದೇ ಚಾರ್ಜು. ಬರುವ ಪೊಟ್ಟಣಕ್ಕೆ ಬಿಳಿ ದಾರ, ಹೋಗುವುದಕ್ಕೆ ಹಸಿರು ದಾರ, ಒಂದು ಗಂಟು ಎರಡು ಗಂಟು ಮೂರು ಗಂಟು. ಮರುದಿನವೇ ಹೋಗಿ ಅಣ್ಣನ ಕೈಗೆ ಕೊಟ್ಟು ಬಂದೆ. ಅವನು ಗಂಟುಗಳನ್ನು ಮುಟ್ಟಿ ನೋಡಿ ನಕ್ಕ. ಭಾನುವಾರ ಬರುತ್ತೇನೆ ಅಂದ. ಸ್ಟಾಪಿನಲ್ಲಿ ನಾನೇ ಬಂದು ನಿಂತಿರುತ್ತೇನೆ ಅಂತ ಸನ್ನೆ ಮಾಡಿದೆ.

ಭಾನುವಾರ ಬೆಳಿಗ್ಗೆ ಬಂಗಡೆ ತಂದು ಮಸಾಲೆ ಅರೆದು, ನನ್ನ ಸೊಸೆಗೆ ಒಲೆಯ ಹತ್ತಿರ ಬರಬೇಡ ಅಂದೆ. "ಆತು, ಇವತ್ತು ನಿಮ್ಮ ರಾಜ್ಯ" ಅಂದಳು. ಬೆಂಚಿನ ಮೇಲಿನ ಚಪ್ಪಲಿಗಳನ್ನು ಅಂಗಳಕ್ಕೆ ಎಸೆದೆ. ಒಂಬತ್ತಕ್ಕೇ ಹೋಗಿ ಸ್ಟಾಪಿನಲ್ಲಿ ನಿಂತೆ. ಹೊನ್ನಾವರದ ಕಡೆಯಿಂದ ಎರಡು ಬಸ್ಸು ಬಂದು ಹೋದವು. ಮೂರನೆಯದು ಹನ್ನೊಂದರ ಸುಮಾರಿಗೆ ಬಂತು. ಮೀನಿನ ಬುಟ್ಟಿಯವರು ಇಳಿದರು, ಇಬ್ಬರು ಹುಡುಗಿಯರು ಇಳಿದರು. ಬಾಗಿಲು ಮುಚ್ಚಿತು. ನಾನು ಬಸ್ಸಿಗೆ ಕೈಯಲ್ಲಿ ಹೊಡೆದೆ.

"ಒಬ್ರು ಮುದುಕರು ಇದ್ರಾ? ಬಿಳಿ ಅಂಗಿ, ಕೈಯಲ್ಲಿ ಕೊಡೆ?"

ಕಂಡಕ್ಟರ್ ತಲೆ ಹೊರಹಾಕಿದ. "ಹಿಂದಿನ ಸ್ಟೇಜಲ್ಲೇ ಇಳಿಸಿದೆ ಅಮ್ಮಾ. ಎಲ್ಲಿಗೆ ಅಂತ ಎರಡು ಸಲ ಕೇಳಿದೆ, ಮಾತಾಡಲಿಲ್ಲ, ದುಡ್ಡು ಮುಂದೆ ಹಿಡಿದ್ರು. ಮೂವತ್ತೈದು. ಹೊನ್ನಾವರದಿಂದ ಮೂವತ್ತೈದಕ್ಕೆ ಎಲ್ಲಿಗೆ ಆಗ್ತದೋ ಅಲ್ಲಿಗೆ ಕೊಟ್ಟೆ. ಬೆನ್ನು ತಟ್ಟಿ ಇಳಿಸಿದೆ."

ಅವನದು ಸರಿ. ನಾನು ಹೇಳಿಕೊಟ್ಟದ್ದನ್ನೇ ಅಣ್ಣ ಮಾಡಿದ್ದ, ಕಂಡಕ್ಟರ್ ಮಾಡಬೇಕಾದ್ದನ್ನೇ ಮಾಡಿದ್ದ.

ಆಟೋ ಸಿಗಲು ಅರ್ಧ ಗಂಟೆ ಬೇಕಾಯಿತು, ಹಿಡಿದು ಹಿಂದಕ್ಕೆ ಹೋದೆ. ಮೂರು ಕಿಲೋಮೀಟರ್ ಇದ್ದೀತು. ಅದೊಂದು ಅಡ್ಡರಸ್ತೆ, ನಾಲ್ಕು ಅಂಗಡಿ. ಹೆದ್ದಾರಿ ಅಗಲ ಮಾಡಿದ ಮೇಲೆ ಎಲ್ಲ ಸ್ಟಾಪೂ ಒಂದೇ ತರ ಕಾಣುತ್ತವೆ. ಶಿರಾಲಿಯ ಗುರುತಿಗೆ ಇದ್ದ ಮರಗಳೂ ಹೋಗಿವೆ. ಮುರ್ಡೇಶ್ವರದ ಕಮಾನು ದಾಟಿತು, ಇನ್ನು ಬರುವುದು ಶಿರಾಲಿಯೇ ಅಂತ ಅವನು ಎದ್ದು ನಿಂತಿರಬೇಕು. ಬೆನ್ನು ತಟ್ಟಿದಾಗ ಅನುಮಾನ ಯಾಕೆ ಬರಬೇಕು?

ಎಳನೀರು ಮಾರುವವಳು ಹೇಳಿದಳು. "ಬಂದಿದ್ರು. ಈ ಕಲ್ಲಿನ ಮೇಲೆ ಕೂತಿದ್ರು. ಆ ಓಣಿಗೆ ಹೋಗಿ ವಾಪಸ್ ಬಂದ್ರು. ಯಾರ ಮನೆಗೆ ಅಂತ ನಾ ಕೇಳ್ದೆ, ಕೇಳದ ಹಂಗೆ ನಿಂತ್ರು. ಸಿಟ್ಟಾ ಅಂದ್ಕಂಡೆ. ಆಮೇಲೆ ರಸ್ತೆ ದಾಟಿ ಆಚೆ ಬದಿ ಹೋಗಿ ಹೊನ್ನಾವರದ ಬಸ್ಸು ಹತ್ತಿದ್ರು. ನಿಮ್ಗೆ ಎಂತ ಆಗಬೇಕು ಅವ್ರು?"

"ಅಣ್ಣ" ಅಂದೆ.

"ಅಯ್ಯೋ, ಒಂದು ಗಳಿಗೆ ಮೊದ್ಲು ಬರೂಕೆ ಆಗಲಿಲ್ವಾ?"

ಒಂದು ಗಳಿಗೆ ಮೊದಲು ನಾನು ಮೂರು ಕಿಲೋಮೀಟರ್ ಆಚೆ ಅವನಿಗಾಗಿಯೇ ನಿಂತಿದ್ದೆ ಅಂತ ಅವಳಿಗೆ ಹೇಳಿ ಏನು ಪ್ರಯೋಜನ?

ಆಮೇಲೆ ಹೊಳೆದದ್ದು ಇನ್ನೂ ಕೆಟ್ಟದ್ದು. ಹೋಗುವುದಕ್ಕೆ ನಾನು ಕಟ್ಟಿಕೊಟ್ಟ ಪೊಟ್ಟಣದಲ್ಲೂ ಅದೇ ಮೂವತ್ತೈದು. ಅವನು ಶಿರಾಲಿಯಿಂದ ಹತ್ತಿದ್ದರೆ ನಾಲ್ಕು ರೂಪಾಯಿ ಕಡಿಮೆಯಾಗಿ ಕಂಡಕ್ಟರ್ ತಗಾದೆ ಮಾಡುತ್ತಿದ್ದ, ಏನೋ ತಪ್ಪಿದೆ ಅಂತ ಅಣ್ಣನಿಗೆ ತಿಳಿಯುತ್ತಿತ್ತು. ಆದರೆ ಆ ಸ್ಟೇಜಿನಿಂದ ಹೊನ್ನಾವರಕ್ಕೆ ಮೂವತ್ತೈದು ಸರಿಯಾಗಿ ಸರಿ. ಒಬ್ಬರೂ ಏನೂ ಕೇಳಲಿಲ್ಲ. ಅವನ ಲೆಕ್ಕದಲ್ಲಿ ಬಂದ ಊರು ಶಿರಾಲಿಯೇ, ಚಾರ್ಜು ಸರಿಯೇ, ತಂಗಿ ಮಾತ್ರ ಬರಲಿಲ್ಲ. ಅವನಿಗೆ ಉಳಿದದ್ದು ಇಷ್ಟೇ.

ಸಂಜೆ ಅವನ ಸೊಸೆ ಫೋನ್ ಮಾಡಿದಳು. "ಅತ್ತೆ, ಎಂತ ಆತು? ಮಾವ ಮಧ್ಯಾಹ್ನದ ಮೇಲೆ ಬಂದ್ರು. ಊಟ ಬೇಡ ಅಂದ್ರು. ಕೇಳಿದ್ರೆ 'ಅವಳಿಗೆ ಪುರಸೊತ್ತಿಲ್ಲ' ಅಂತಾರೆ. ನಿಮ್ಮಲ್ಲಿ ಏನಾದ್ರೂ ಮಾತು ಬಂತಾ?"

"ಅವ ನಮ್ಮಲ್ಲಿಗೆ ಬರಲೇ ಇಲ್ಲ. ಅವನಿಗೆ ಹೇಳು, ನಾ ಸ್ಟಾಪಲ್ಲೇ ಇದ್ದೆ ಅಂತ."

"ಹೆಂಗೆ ಹೇಳ್ಲಿ? ಕೂಗಿದೆ. ಗೋಡೆಗೆ ತಿರುಗಿ ಮಲಗಿದ್ರು."

ಪಕ್ಕದವಳು ಡ್ಯೂಟಿ ಮುಗಿಸಿ ಬಂದು ಫೋಟೋ ನೋಡಿದಳು. ನನ್ನ ದಾರವನ್ನೇ ಈಸಿಕೊಂಡು ಸಾಲಿನ ಗೆರೆಯ ಓರೆಗೆ ಸರಿಯಾಗಿ ಹಿಡಿದಳು. ದಾರ ಇಳಿದು ಮೂವತ್ತೊಂಬತ್ತರ ಮೇಲೆ ನಿಂತಿತು. "ನಂದೇ ತಪ್ಪು ಅಜ್ಜಿ, ನೆಟ್ಟಗೆ ಹೊಡೀಬೇಕಿತ್ತು" ಅಂತ ಮಾತ್ರ ಅಂದಳು. ಸುಳ್ಳು ಸಮಾಧಾನ. ಸೊಟ್ಟ ಇದೆ ಅಂತ ಕಾಣುವ ಕಣ್ಣು ನನಗೂ ಇತ್ತು, ಬರುತ್ತಾನೆ ಅನ್ನುವ ಗಡಿಬಿಡಿಯಲ್ಲಿ ನೋಡಲಿಲ್ಲ. ಅವನು ಉಣ್ಣಬೇಕಿದ್ದ ಸಾರನ್ನು ಮನೆಯವರೆಲ್ಲ ಉಂಡರು. ಚೆನ್ನಾಗಿದೆ ಅಂದರು. ನಾನು ಬೆಂಚಿನ ಮೇಲೆ ಕೂತು ಉಂಡೆ, ಅಷ್ಟು ಅಗಲದ ಬೆಂಚು ಒಬ್ಬರಿಗೆ ಹೆಚ್ಚು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಮೂರು ಬಸ್ಸು, ಮೂರು ಸೊನ್ನೆ ಚೀಟಿ. ಅಣ್ಣ ಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ. ಕೂಗಿ ಹೇಳುವ ಮಾತಲ್ಲ ಅದು, ಸಾಲು, ಮನೆ, ಸೊಟ್ಟ ಫೋಟೋ, ಇದನ್ನೆಲ್ಲ ಕಿವಿಯಲ್ಲಿ ಕೂಗಿದರೆ ಯಾರಿಗೆ ತಿಳಿಯುತ್ತದೆ? ಬಚ್ಚಲ ಒಲೆಯಿಂದ ಒಂದು ಇದ್ದಲು ತಂದೆ.

"ಅತ್ತೆ, ಈಗಷ್ಟೆ ಸಾರ್ಸಿದ್ದೆ ಆ ನೆಲ!" ಅಂದಳು ಅವನ ಸೊಸೆ.

"ಇನ್ನೊಂದು ಸಲ ಸಾರ್ಸು" ಅಂದೆ.

ಅವನ ಕಾಲಬುಡದಲ್ಲೇ ಕೂತು ನೆಲದ ಮೇಲೆ ಮೆಟ್ಟಿಲು ಎಳೆದೆ. ಮೇಲೆ ಹೊನ್ನಾವರ ಬರೆದೆ. ಕೆಳಗೆ ಆ ಅಡ್ಡರಸ್ತೆಯ ಸ್ಟೇಜು, ಅದರ ಕೆಳಗೆ ಶಿರಾಲಿ. ಅಡ್ಡ ಗೆರೆ ಹಾಕಿದೆ, ಉದ್ದ ಗೆರೆ ಹಾಕಿದೆ. ಒಂದು ಮನೆಯಲ್ಲಿ ಮೂವತ್ತೈದು ಬರೆದು, ಆ ಸಾಲಿನ ಸ್ಟೇಜಿನ ಹೆಸರ ಮುಂದೆ ಕೊಡೆ ಹಿಡಿದ ಒಬ್ಬ ಮನುಷ್ಯನನ್ನು ಬರೆದೆ. ಕೆಳಗಿನ ಮನೆಯಲ್ಲಿ ಮೂವತ್ತೊಂಬತ್ತು ಬರೆದು, ಶಿರಾಲಿಯ ಮುಂದೆ ಸೀರೆ ಉಟ್ಟ ಒಬ್ಬಳನ್ನು ಬರೆದೆ. ಅಣ್ಣ ಗೋಡೆ ಬಿಟ್ಟು ಮುಂದಕ್ಕೆ ಬಾಗಿದ. ನಾನು ತಲೆ ಎತ್ತಲಿಲ್ಲ. ನಡುವೆ ಮೂರು ಕಿಲೋಮೀಟರ್ ಅಂತ ಬರೆಯುತ್ತಾ ಹೋದೆ.